ಒಂದೇ ಬೈಟಿಗೆ ಎರಡು ಲೆಕ್ಕ

ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ ವಿಪಿಎನ್ ಆ್ಯಪ್ ಬಳಸುವವರಲ್ಲಿ ಬಹುಮಂದಿ ಎರಡು ಸಂಗತಿಗಳನ್ನು ಗಮನಿಸಿರುತ್ತಾರೆ. ಡೇಟಾ ಬಳಕೆಯ ಪಟ್ಟಿಯನ್ನು ತೆರೆದರೆ ವಿಪಿಎನ್ ಆ್ಯಪಿನ ಹೆಸರು ಒಮ್ಮೊಮ್ಮೆ ಎಲ್ಲಕ್ಕಿಂತ ಮೇಲಿದ್ದು, ಉಳಿದ ಆ್ಯಪ್‌ಗಳೆಲ್ಲ ಸೇರಿ ಬಳಸಿದಷ್ಟೇ ಡೇಟಾವನ್ನು ಅದೊಂದೇ ಬಳಸಿದಂತೆ ಕಾಣುತ್ತದೆ. ರಾತ್ರಿ ಮಲಗುವಾಗ ತುಂಬಿದ್ದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ಇಳಿದಿರುತ್ತದೆ. ಇವೆರಡನ್ನೂ ಜೋಡಿಸಿ, ವಿಪಿಎನ್ ಹಾಕಿದರೆ ಡೇಟಾ ಇಮ್ಮಡಿ ಖರ್ಚಾಗುತ್ತದೆ, ಹಾಗೆ ಹೆಚ್ಚು ಡೇಟಾ ಓಡಾಡುವುದರಿಂದಲೇ ಬ್ಯಾಟರಿಯೂ ಇಳಿಯುತ್ತದೆ ಎಂಬ ತೀರ್ಮಾನಕ್ಕೆ ಬರುವುದು ಸಹಜ. ಆದರೆ ಅಳೆದು ನೋಡಿದಾಗ ಈ ತೀರ್ಮಾನದ ಮೊದಲ ಭಾಗ ಬಹುಪಾಲು ತಪ್ಪೆಂದೂ, ಎರಡನೆಯ ಭಾಗದಲ್ಲಿ ಹೇಳಿರುವ ಫಲ ನಿಜವಾದರೂ ಕಾರಣ ಬೇರೆಯೆಂದೂ ತಿಳಿಯುತ್ತದೆ. ಡೇಟಾ ಬಳಕೆಯೂ ಬ್ಯಾಟರಿಯ ಇಳಿತವೂ ಬೇರೆ ಬೇರೆ ಕಾರಣಗಳಿಂದ ಏರುತ್ತವೆ. ಒಂದನ್ನು ಅಳೆದು ಇನ್ನೊಂದನ್ನು ಊಹಿಸುವಂತಿಲ್ಲ.

ಎರಡು ದ್ವಾರಗಳು

ಇಂಟರ್ನೆಟ್ಟಿನಲ್ಲಿ ಹೋಗಿಬರುವ ಯಾವುದೇ ಮಾಹಿತಿಯು ಸಣ್ಣ ಸಣ್ಣ ತುಂಡುಗಳಾಗಿ ಸಾಗುತ್ತದೆ. ಈ ತುಂಡುಗಳಿಗೆ ಪ್ಯಾಕೆಟ್ ಎಂದು ಹೆಸರು. ವಿಪಿಎನ್ ಇಲ್ಲದಿದ್ದಾಗ ಒಂದು ಆ್ಯಪ್ ಕಳಿಸಿದ ಪ್ಯಾಕೆಟ್ ನೇರವಾಗಿ ಫೋನಿನ ಮೊಬೈಲ್ ಸಂಪರ್ಕದ ದ್ವಾರಕ್ಕೆ ಹೋಗಿ, ಅಲ್ಲಿಂದ ಗೋಪುರದ ಕಡೆಗೆ ಹೊರಡುತ್ತದೆ. ಕ್ವಾಲ್ಕಾಮ್ ಚಿಪ್ ಇರುವ ಫೋನುಗಳಲ್ಲಿ ಈ ದ್ವಾರದ ಹೆಸರು ಸಾಮಾನ್ಯವಾಗಿ `rmnet_data0` ಎಂದೂ, ಮೀಡಿಯಾಟೆಕ್ ಚಿಪ್ ಇರುವವುಗಳಲ್ಲಿ `ccmni0` ಎಂದೂ ಇರುತ್ತದೆ. ಹೋಗಿಬಂದ ಪ್ರತಿಯೊಂದು ಬೈಟನ್ನೂ, ಪ್ರತಿಯೊಂದು ಪ್ಯಾಕೆಟನ್ನೂ ಫೋನಿನ ಮೂಲ ತಂತ್ರಾಂಶವಾದ ಕರ್ನೆಲ್ ಅಲ್ಲಿಯೇ ಎಣಿಸುತ್ತಿರುತ್ತದೆ.

ವಿಪಿಎನ್ ಚಾಲೂ ಮಾಡಿದೊಡನೆ ಈ ದಾರಿಯ ನಡುವೆ ಇನ್ನೊಂದು ದ್ವಾರ ಹುಟ್ಟಿಕೊಳ್ಳುತ್ತದೆ. ಅದರ ಹೆಸರು `tun0`. ಇದು ತಂತಿಯಾಗಲೀ ಆಂಟೆನಾ ಆಗಲೀ ಇಲ್ಲದ, ಕೇವಲ ತಂತ್ರಾಂಶದಲ್ಲಿರುವ ದ್ವಾರ. ಎಲ್ಲ ಆ್ಯಪ್‌ಗಳ ಪ್ಯಾಕೆಟ್‌ಗಳೂ ಮೊದಲು ಇದರೊಳಕ್ಕೆ ಹೋಗುತ್ತವೆ. ಅಲ್ಲಿಂದ ವಿಪಿಎನ್ ಆ್ಯಪ್ ಅವನ್ನು ಒಂದೊಂದಾಗಿ ಎತ್ತಿಕೊಂಡು, ಗೂಢಲಿಪಿಗೆ ಬದಲಾಯಿಸಿ, ಅದರ ಸುತ್ತ ಹೊಸದೊಂದು ಪ್ಯಾಕೆಟಿನ ಹೊದಿಕೆಯನ್ನು ಹಾಕಿ, ತನ್ನ ಹೆಸರಿನಲ್ಲಿ ಮೊಬೈಲ್ ದ್ವಾರದ ಮೂಲಕ ತನ್ನ ಸರ್ವರಿಗೆ ಕಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯ ಆ್ಯಪ್‌ಗಳಿಗೂ ಈ ಅವಕಾಶ ದೊರೆತದ್ದು 2011ರಲ್ಲಿ ಬಂದ 4.0 ಆವೃತ್ತಿಯಿಂದ.

ಹೀಗಾಗಿ ವಿಡಿಯೊ ಆ್ಯಪ್ ತರಿಸಿಕೊಂಡ ಒಂದು ಬೈಟು `tun0` ದ್ವಾರದಲ್ಲಿ ವಿಡಿಯೊ ಆ್ಯಪಿನ ಲೆಕ್ಕಕ್ಕೂ, ಮೊಬೈಲ್ ದ್ವಾರದಲ್ಲಿ ವಿಪಿಎನ್ ಆ್ಯಪಿನ ಲೆಕ್ಕಕ್ಕೂ ಸೇರುತ್ತದೆ. ಗಾಳಿಯಲ್ಲಿ ಬಂದ ಬೈಟು ಒಂದೇ, ಎಣಿಕೆ ಮಾತ್ರ ಎರಡು. ಮೊಬೈಲ್ ಕಂಪನಿ ದಿನದ ಕೋಟಾದಿಂದ ಕಳೆಯುವುದು ತನ್ನ ಜಾಲವನ್ನು ದಾಟಿದ ಬೈಟುಗಳನ್ನಷ್ಟೇ ಆದ್ದರಿಂದ, `tun0` ಎಣಿಕೆಯು ಗ್ರಾಹಕರ ಬಿಲ್ಲಿಗೆ ಸಂಬಂಧಿಸಿದ್ದಲ್ಲ. ಆಂಡ್ರಾಯ್ಡ್‌ನ ಇತ್ತೀಚಿನ ಆವೃತ್ತಿಗಳು ಈ ಗೊಂದಲವನ್ನು ಅರಿತು, ವಿಪಿಎನ್ ಹೆಸರಿಗೆ ಬಿದ್ದ ಬೈಟುಗಳನ್ನು ಮೂಲ ಆ್ಯಪ್‌ಗಳಿಗೆ ಹಿಂದಿರುಗಿಸಿ, ಹೊದಿಕೆಯ ಬೈಟುಗಳನ್ನು ಮಾತ್ರ ವಿಪಿಎನ್ ತಲೆಗೆ ಕಟ್ಟುತ್ತವೆ. ಆದರೆ ಹಳೆಯ ಆವೃತ್ತಿಗಳೂ, ಫೋನ್ ತಯಾರಕರು ತಾವೇ ಸೇರಿಸಿರುವ ಡೇಟಾ ಉಳಿತಾಯದ ಆ್ಯಪ್‌ಗಳೂ ಹಾಗೆ ಮಾಡುತ್ತವೆಂದು ನಂಬುವಂತಿಲ್ಲ. ಪಟ್ಟಿಯಲ್ಲಿ ವಿಪಿಎನ್ ಮುಂದಿರುವ ಅಂಕಿ ಉಳಿದವುಗಳ ಒಟ್ಟು ಮೊತ್ತದ ಆಸುಪಾಸಿನಲ್ಲಿದ್ದರೆ ಅದು ಇಮ್ಮಡಿ ಖರ್ಚಲ್ಲ, ಇಮ್ಮಡಿ ಎಣಿಕೆ ಎಂದು ತಿಳಿಯಬೇಕು. ನೂರಕ್ಕೆ ಐದು ಹತ್ತರಷ್ಟಿದ್ದರೆ ಆ ಫೋನು ಲೆಕ್ಕವನ್ನು ಸರಿಪಡಿಸಿಕೊಂಡೇ ತೋರಿಸುತ್ತಿದೆ.

ಹೊದಿಕೆಯ ಭಾರ

ಹಾಗಾದರೆ ನಿಜವಾಗಿ ಹೆಚ್ಚುವ ಖರ್ಚೆಷ್ಟು? ಇದಕ್ಕೆ ಉತ್ತರವು ಆ್ಯಪ್ ಬಳಸುವ ವಿಧಾನವನ್ನು ಅವಲಂಬಿಸಿದೆ. ಇಂದು ಬಹಳ ಆ್ಯಪ್‌ಗಳು ಅಳವಡಿಸಿಕೊಂಡಿರುವ ವೈರ್‌ಗಾರ್ಡ್ ಎಂಬ ವಿಧಾನದ ರಚನೆಯು ಬಹಿರಂಗವಾಗಿಯೂ ಸರಳವಾಗಿಯೂ ಇರುವುದರಿಂದ ಅದನ್ನೇ ಆರಿಸಿಕೊಳ್ಳುವುದು ಅನುಕೂಲ. ಅದರ ಹೊದಿಕೆಯಲ್ಲಿ ಹೊರ ವಿಳಾಸಕ್ಕೆ 20 ಬೈಟು, ಸಾಗಣೆಯ ತಲೆಬರಹಕ್ಕೆ 8 ಬೈಟು, ವೈರ್‌ಗಾರ್ಡಿನ ಸ್ವಂತ ಗುರುತಿಗೆ 16 ಬೈಟು ಹಾಗೂ ಮಾಹಿತಿಯನ್ನು ನಡುದಾರಿಯಲ್ಲಿ ಯಾರೂ ತಿದ್ದಿಲ್ಲವೆಂದು ಸಾಬೀತುಪಡಿಸುವ ಮುದ್ರೆಗೆ 16 ಬೈಟು, ಒಟ್ಟು 60 ಬೈಟು ಬೇಕಾಗುತ್ತದೆ. ಹೊರ ವಿಳಾಸವು ಹೊಸ ಬಗೆಯ ಐಪಿವಿ6 ಆಗಿದ್ದರೆ ಇನ್ನೂ 20 ಬೈಟು ಸೇರಿ 80 ಆಗುತ್ತದೆ.

ಈ 60 ಬೈಟು ಭಾರವೋ ಹಗುರವೋ ಎಂಬುದು ಒಳಗಿರುವ ಪ್ಯಾಕೆಟಿನ ಗಾತ್ರದ ಮೇಲೆ ನಿಂತಿದೆ. ಆಂಡ್ರಾಯ್ಡ್‌ಗಾಗಿ ಇರುವ ವೈರ್‌ಗಾರ್ಡ್ ಆ್ಯಪ್ ಒಳ ಪ್ಯಾಕೆಟಿನ ಗರಿಷ್ಠ ಗಾತ್ರವನ್ನು, ಬೇರೆ ಸೂಚನೆ ಇಲ್ಲದಿದ್ದರೆ, 1280 ಬೈಟಿಗೆ ಮಿತಿಗೊಳಿಸುತ್ತದೆ. ತುಂಬಿದ ಪ್ಯಾಕೆಟಿಗೆ 60 ಬೈಟು ಸೇರಿದರೆ ಹೆಚ್ಚಳ ನೂರಕ್ಕೆ 4.7 ಮಾತ್ರ. ಆದರೆ ಫೈಲೊಂದು ಇಳಿಯುತ್ತಿರುವಾಗ ಫೋನು ಸುಮ್ಮನೆ ಕುಳಿತಿರುವುದಿಲ್ಲ. ಬಂದದ್ದು ತಲುಪಿತೆಂದು ಆಗಾಗ್ಗೆ ಸ್ವೀಕೃತಿಯನ್ನು ಹಿಂದಕ್ಕೆ ಕಳಿಸುತ್ತಿರುತ್ತದೆ. ಈ ಸ್ವೀಕೃತಿಯ ಗಾತ್ರ ಸಾಮಾನ್ಯವಾಗಿ 52 ಬೈಟು. ವೈರ್‌ಗಾರ್ಡ್ ಒಳಗಿನ ಮಾಹಿತಿಯನ್ನು 16ರ ಗುಣಕಕ್ಕೆ ಏರಿಸಿ ತುಂಬಿಸುವುದರಿಂದ 52 ಎಂಬುದು 64 ಆಗಿ, ಹೊದಿಕೆ ಸೇರಿ 124 ಬೈಟಾಗುತ್ತದೆ. ದೊಡ್ಡ ಪ್ಯಾಕೆಟಿಗೆ ಗೊತ್ತೇ ಆಗದ ಹೊದಿಕೆಯು ಚಿಕ್ಕ ಪ್ಯಾಕೆಟಿನ ತೂಕವನ್ನು ಎರಡೂ ಕಾಲು ಪಟ್ಟಿಗಿಂತ ಹೆಚ್ಚಿಸುತ್ತದೆ. ವಿಪಿಎನ್ ಡೇಟಾ ಬಳಕೆಯನ್ನು ಒಂದೇ ಶೇಕಡಾ ಅಂಕಿಯಲ್ಲಿ ಹೇಳುವ ಜಾಹೀರಾತುಗಳೂ ಲೇಖನಗಳೂ ಅರ್ಧ ಮಾತನ್ನಷ್ಟೇ ಹೇಳುತ್ತವೆ. ಸಿನಿಮಾ ಇಳಿಸಿಕೊಳ್ಳುವವರಿಗೆ ಬೀಳುವ ಹೊರೆಯೂ, ಇಡೀ ದಿನ ಚಿಕ್ಕ ಚಿಕ್ಕ ಸಂದೇಶ ಕಳಿಸುವವರಿಗೆ ಬೀಳುವ ಹೊರೆಯೂ ಒಂದೇ ಅಲ್ಲ.

10 ಕೋಟಿ ಬೈಟಿನ ಒಂದು ಫೈಲು

ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡುವುದಕ್ಕಾಗಿ ಸರಿಯಾಗಿ 10 ಕೋಟಿ ಬೈಟಿನ ಒಂದು ಫೈಲನ್ನು ಕಲ್ಪಿಸಿಕೊಳ್ಳಬಹುದು. ವಿಪಿಎನ್ ಇಲ್ಲದಿರುವಾಗ ಒಂದು ಪ್ಯಾಕೆಟ್ 1500 ಬೈಟಿನವರೆಗೆ ಇರಬಹುದಾಗಿದ್ದು, ತಲೆಬರಹಗಳನ್ನು ಕಳೆದರೆ ಫೈಲಿನ 1448 ಬೈಟು ಅದರಲ್ಲಿ ಹಿಡಿಯುತ್ತದೆ. ಫೈಲಿಗೆ 69,061 ಪ್ಯಾಕೆಟ್‌ಗಳು ಸಾಕು. ವಿಪಿಎನ್ ಒಳಗೆ ಪ್ಯಾಕೆಟ್ 1280 ಬೈಟಿಗೆ ಇಳಿಯುವುದರಿಂದ ಅದರಲ್ಲಿ ಹಿಡಿಯುವುದು 1228 ಬೈಟು ಮಾತ್ರ, ಪ್ಯಾಕೆಟ್‌ಗಳ ಸಂಖ್ಯೆ 81,434ಕ್ಕೆ ಏರುತ್ತದೆ. ಎರಡು ಪ್ಯಾಕೆಟಿಗೆ ಒಂದರಂತೆ ಸ್ವೀಕೃತಿ ಹೋಗುತ್ತದೆಂದು ಇಟ್ಟುಕೊಂಡು ಬರುವ ಹೋಗುವ ಎರಡೂ ದಿಕ್ಕುಗಳನ್ನು ಕೂಡಿದರೆ, ವಿಪಿಎನ್ ಇಲ್ಲದೆ ಸುಮಾರು 10.54 ಕೋಟಿ ಬೈಟು, ವಿಪಿಎನ್‌ನೊಂದಿಗೆ ಸುಮಾರು 11.42 ಕೋಟಿ ಬೈಟು ಖರ್ಚಾಗುತ್ತದೆ. ಹೆಚ್ಚಳವು ನೂರಕ್ಕೆ 8ಕ್ಕಿಂತ ತುಸು ಮೇಲೆ. ದೊಡ್ಡ ಪ್ಯಾಕೆಟಿನ 4.7ಕ್ಕೂ ಈ 8ಕ್ಕೂ ನಡುವಿನ ಅಂತರವು, ಪ್ಯಾಕೆಟ್‌ಗಳ ಸಂಖ್ಯೆ ಹೆಚ್ಚಿದ್ದರಿಂದಲೂ ಸ್ವೀಕೃತಿಗಳು ದಪ್ಪಗಾದದ್ದರಿಂದಲೂ ಹುಟ್ಟಿದ್ದು.

ಇದೇ ಫೈಲನ್ನು ನಿಜವಾದ ಫೋನಿನಲ್ಲಿ ಇಳಿಸಿ ಎಣಿಕೆಯನ್ನು ಓದುವುದಕ್ಕೆ ಒಂದು ಕಂಪ್ಯೂಟರ್, ಯುಎಸ್‌ಬಿ ಕೇಬಲ್ ಹಾಗೂ ಗೂಗಲ್ ಉಚಿತವಾಗಿ ಕೊಡುವ `adb` ಎಂಬ ಸಾಧನ ಸಾಕು. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗಿಂಗ್ ಚಾಲೂ ಮಾಡಿ, ಈ ಆದೇಶವನ್ನು ಕೊಟ್ಟರೆ ಕರ್ನೆಲ್ ತನ್ನ ಎಲ್ಲ ದ್ವಾರಗಳ ಎಣಿಕೆಯನ್ನೂ ತೋರಿಸುತ್ತದೆ:

```
adb shell cat /proc/net/dev
```

ಪ್ರತಿ ಸಾಲಿನಲ್ಲಿ ದ್ವಾರದ ಹೆಸರಾದ ಮೇಲೆ ಬರುವ ಮೊದಲ ಅಂಕಿ ಬಂದ ಬೈಟುಗಳು, ಎರಡನೆಯದು ಬಂದ ಪ್ಯಾಕೆಟ್‌ಗಳು. ಒಂಬತ್ತನೆಯದು ಮತ್ತು ಹತ್ತನೆಯದು ಅದೇ ಕ್ರಮದಲ್ಲಿ ಹೋದವು. ಇಳಿಸುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ಓದಿ ವ್ಯತ್ಯಾಸವನ್ನು ತೆಗೆದರೆ, ಮೇಲಿನ ಕಾಲ್ಪನಿಕ ಫೈಲಿಗೆ ಸಿಗಬೇಕಾದ ಉತ್ತರವು, ಬೇಡದ ಕಾಲಂಗಳನ್ನು ಬಿಟ್ಟು, ಗುರುತಿಗೆಂದು RX, TX ಸೇರಿಸಿದರೆ, ಹೀಗಿರುತ್ತದೆ:

```
tun0:         RX 104234568  81434   TX 2117284  40717
rmnet_data0:  RX 109120616  81434   TX 5048908  40717
```

ಎರಡೂ ದ್ವಾರಗಳಲ್ಲಿ ಪ್ಯಾಕೆಟ್‌ಗಳ ಸಂಖ್ಯೆ ಒಂದೇ ಇರುವುದನ್ನೂ, ಬೈಟುಗಳು ಮಾತ್ರ ಬೇರೆಯಾಗಿರುವುದನ್ನೂ ಗಮನಿಸಬೇಕು. ಬಂದ ಬೈಟುಗಳ ವ್ಯತ್ಯಾಸವಾದ 48,86,048ನ್ನು 81,434ರಿಂದ ಭಾಗಿಸಿದರೆ ಬಹುತೇಕ ಸರಿಯಾಗಿ 60 ಬರುತ್ತದೆ. ಹೊದಿಕೆಯ ತೂಕವು ಕಣ್ಣೆದುರಿಗೇ ಸಿಕ್ಕಂತಾಯಿತು. ನಿಜವಾದ ಫೋನಿನಲ್ಲಿ ಉಳಿದ ಆ್ಯಪ್‌ಗಳ ಚೂರುಪಾರು ಸಂಚಾರವೂ ಸೇರುವುದರಿಂದ ಅಂಕಿ ಇಷ್ಟು ನಯವಾಗಿ ಬಾರದೆ 60ರ ಅಥವಾ 80ರ ಸುತ್ತಮುತ್ತ ಬರುತ್ತದೆ. ಅದು ನೂರನ್ನು ದಾಟಿದರೆ ಆ್ಯಪ್ ಬೇರೆ ವಿಧಾನವನ್ನು ಬಳಸುತ್ತಿದೆ ಎಂದೋ, ಕೆಲವು ಆ್ಯಪ್‌ಗಳು ವಿಪಿಎನ್ ಹೊರಗಿನಿಂದಲೇ ಹೋಗಿಬರುತ್ತಿವೆ ಎಂದೋ ಅರ್ಥ. ಪ್ಯಾಕೆಟ್‌ಗಳ ಸಂಖ್ಯೆ ಎರಡೂ ದ್ವಾರಗಳಲ್ಲಿ ಹೊಂದುತ್ತಿದ್ದರೆ ಮೊದಲ ಕಾರಣ, ಹೊಂದದಿದ್ದರೆ ಎರಡನೆಯದು ಎಂದು ಬೇರ್ಪಡಿಸಬಹುದು.

ಓದುವಾಗ ಎಡವುವ ಜಾಗಗಳು

ಈ ವಿಧಾನದಲ್ಲಿ ಮೂರು ಕಡೆ ತಪ್ಪುವ ಸಂಭವವಿದೆ. `tun0` ಎಂಬುದು ವಿಪಿಎನ್ ಜೊತೆಗೆ ಹುಟ್ಟಿ ಅದರ ಜೊತೆಗೇ ಸಾಯುವ ದ್ವಾರವಾದ್ದರಿಂದ, ವಿಪಿಎನ್ ಆರಿಸಿದ ಮೇಲೆ ಓದಲು ಹೋದರೆ ಎಣಿಕೆಯೇ ಇರುವುದಿಲ್ಲ. ನಡುವೆ ಸಂಪರ್ಕ ಕಡಿದು ಮತ್ತೆ ಕೂಡಿಕೊಂಡಿದ್ದರೂ ಎಣಿಕೆ ಸೊನ್ನೆಯಿಂದ ಶುರುವಾಗಿರುವ ಸಾಧ್ಯತೆಯಿದೆ. ಆದ್ದರಿಂದ ಕೊನೆಯ ಓದು ವಿಪಿಎನ್ ಇನ್ನೂ ಚಾಲೂ ಇರುವಾಗಲೇ ಆಗಬೇಕು.

ಎರಡನೆಯದು, ಪಟ್ಟಿಯಲ್ಲಿ ಮೊಬೈಲ್ ದ್ವಾರದಂತೆ ಕಾಣುವ ಹೆಸರುಗಳು ಹಲವಿರುತ್ತವೆ. ಕ್ವಾಲ್ಕಾಮ್ ಫೋನುಗಳಲ್ಲಿ `rmnet_ipa0` ಎಂಬುದು `rmnet_data0` ದ್ವಾರದ ಕೆಳಗಿನ ಪದರವಾಗಿದ್ದು ಅದೇ ಬೈಟುಗಳನ್ನು ಮತ್ತೆ ಎಣಿಸುತ್ತದೆ. ಐಪಿವಿ6 ಮಾತ್ರ ಇರುವ ಜಾಲಗಳಲ್ಲಿ ಹಳೆಯ ಬಗೆಯ ವಿಳಾಸಗಳನ್ನು ಬದಲಾಯಿಸಿಕೊಡುವ `v4-rmnet_data0` ಕೂಡ ಕಾಣಿಸಿಕೊಳ್ಳಬಹುದು. ಇವೆಲ್ಲವನ್ನೂ ಕೂಡಿಸಿದವರು, ಇಮ್ಮಡಿ ಎಣಿಕೆಯಿಂದ ಪಾರಾಗಲು ಹೊರಟು ಮುಮ್ಮಡಿ ಎಣಿಕೆಗೆ ಸಿಲುಕುತ್ತಾರೆ. ಆರಿಸಿಕೊಳ್ಳಬೇಕಾದದ್ದು ಒಂದೇ ದ್ವಾರ.

ಮೂರನೆಯದು ಮಾನದ್ದು. ಒಂದು ಜಿಬಿ ಎಂದರೆ ಕೆಲವೆಡೆ 100 ಕೋಟಿ ಬೈಟು, ಇನ್ನು ಕೆಲವೆಡೆ 1024ನ್ನು ಮೂರು ಸಲ ಗುಣಿಸಿದ 107.37 ಕೋಟಿ ಬೈಟು. ಈ ಎರಡರ ನಡುವೆ ನೂರಕ್ಕೆ 7ಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದು, ಅಳೆಯಲು ಹೊರಟಿರುವ ಹೊದಿಕೆಯ ಭಾರವೂ ಹೆಚ್ಚುಕಡಿಮೆ ಅಷ್ಟೇ ಇದೆ. ಫೋನಿನ ಸೆಟ್ಟಿಂಗ್ಸ್ ತೋರಿಸುವ ಅಂಕಿಯನ್ನು ಮೊಬೈಲ್ ಕಂಪನಿಯ ಆ್ಯಪ್ ತೋರಿಸುವ ಅಂಕಿಯ ಪಕ್ಕದಲ್ಲಿಟ್ಟು ವಿಪಿಎನ್‌ನ ಖರ್ಚನ್ನು ಕಂಡುಹಿಡಿಯುವ ಪ್ರಯತ್ನವು ಈ ಕಾರಣಕ್ಕೇ ನಿಲ್ಲುವುದಿಲ್ಲ. ಬೈಟುಗಳಲ್ಲೇ ಲೆಕ್ಕ ಹಾಕುವುದು ಕ್ಷೇಮ.

ಪರೀಕ್ಷೆಗೆ ವಿಡಿಯೊ ನೋಡುವುದಕ್ಕಿಂತ ಫೈಲನ್ನು ಇಳಿಸುವುದೇ ಮೇಲು ಎಂಬುದನ್ನೂ ಇಲ್ಲೇ ಹೇಳಬಹುದು. ಸಂಪರ್ಕದ ವೇಗ ಇಳಿದರೆ ವಿಡಿಯೊ ಆ್ಯಪ್ ತಾನಾಗಿಯೇ ಚಿತ್ರದ ಗುಣಮಟ್ಟವನ್ನು ಇಳಿಸಿಕೊಳ್ಳುತ್ತದೆ. ವಿಪಿಎನ್ ಸರ್ವರ್ ದೂರವಿದ್ದು ವೇಗ ತಗ್ಗಿದರೆ ಡೇಟಾ ಉಳಿತಾಯವಾದಂತೆಯೇ ಕಾಣಬಹುದು. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ವಿಪಿಎನ್ ಕಂಪನಿಗಳಿಗೆ ನಿರ್ದೇಶನ ನೀಡಿದ ನಂತರ ಕೆಲವು ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನು ತೆಗೆದುಹಾಕಿ, ಭಾರತದ್ದೆಂದು ತೋರುವ ವಿಳಾಸಗಳನ್ನು ಹೊರದೇಶದ ಯಂತ್ರಗಳಿಂದ ಒದಗಿಸಲಾರಂಭಿಸಿದವು. ಆ್ಯಪ್‌ನಲ್ಲಿ ಭಾರತವೆಂದು ಬರೆದಿದೆ ಎಂಬುದರಿಂದ ಸರ್ವರ್ ಹತ್ತಿರವಿದೆ ಎಂದು ಭಾವಿಸುವಂತಿಲ್ಲ.

ಬ್ಯಾಟರಿ ಪಟ್ಟಿ ಅಳೆಯುವುದಿಲ್ಲ, ಅಂದಾಜಿಸುತ್ತದೆ

ಡೇಟಾದ ಎಣಿಕೆಯಲ್ಲಿ ಗೊಂದಲವಿದ್ದರೂ ಅದು ಎಣಿಕೆಯೇ. ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂದಿತೆಂದು ಕಾಣುವ ಪಟ್ಟಿ ಹಾಗಲ್ಲ. ಸಾಮಾನ್ಯ ಫೋನಿನಲ್ಲಿ ಒಂದೊಂದು ಆ್ಯಪಿಗೂ ಬೇರೆ ಬೇರೆ ವಿದ್ಯುತ್ ಮೀಟರ್ ಇಲ್ಲ. ಪ್ರೊಸೆಸರ್ ಈ ವೇಗದಲ್ಲಿ ಓಡಿದರೆ ಇಷ್ಟು, ರೇಡಿಯೊ ಚಾಲೂ ಇದ್ದರೆ ಇಷ್ಟು, ಪರದೆ ಬೆಳಗಿದರೆ ಇಷ್ಟು ಎಂದು ತಯಾರಕರು ಬರೆದಿಟ್ಟ `power_profile.xml` ಎಂಬ ಕೋಷ್ಟಕವೊಂದಿದ್ದು, ಆ ಅಂಕಿಗಳನ್ನು ಆ್ಯಪ್ ಬಳಸಿದ ಸಮಯದಿಂದ ಗುಣಿಸಿ ಪಟ್ಟಿಯನ್ನು ಸಿದ್ಧಪಡಿಸಲಾಗುತ್ತದೆ. ಕೋಷ್ಟಕವನ್ನು ಪ್ರಯೋಗಾಲಯದಲ್ಲಿ ಅಳೆದು ತುಂಬಿದ್ದರೆ ಪಟ್ಟಿ ನಂಬಲರ್ಹ. ಇನ್ನಾವುದೋ ಮಾದರಿಯ ಅಂಕಿಗಳನ್ನು ಹಾಗೆಯೇ ಉಳಿಸಿದ್ದರೆ ಅಲ್ಲ. ಅಗ್ಗದ ಫೋನಿನಲ್ಲಿ ಇವೆರಡರಲ್ಲಿ ಯಾವುದು ಆಗಿದೆಯೆಂದು ಬಳಸುವವರಿಗೆ ತಿಳಿಯುವ ದಾರಿ ಇಲ್ಲ.

ಆದ್ದರಿಂದ ಆ್ಯಪ್‌ಗಳ ಪಾಲನ್ನು ಬಿಟ್ಟು, ಇಡೀ ಫೋನಿನ ಬ್ಯಾಟರಿಯಿಂದ ಹೊರಹೋದ ವಿದ್ಯುದಂಶವನ್ನು ವಿಪಿಎನ್ ಇದ್ದಾಗಲೂ ಇಲ್ಲದಾಗಲೂ ಅಳೆದು ಹೋಲಿಸುವುದೇ ಸರಿಯಾದ ದಾರಿ. ಬ್ಯಾಟರಿಯ ಗಾತ್ರವನ್ನು ಹೇಳುವ ಮಿಲಿಆಂಪಿಯರ್-ಗಂಟೆ ಎಂಬ ಮಾನವೇ ಇಲ್ಲಿಗೂ ಸಾಕು. ಇಂದಿನ ಅಗ್ಗದ ಫೋನುಗಳಲ್ಲಿ ಸಾಮಾನ್ಯವಾದ 5000 ಮಾನದ ಬ್ಯಾಟರಿಯಲ್ಲಿ ನೂರಕ್ಕೆ ಒಂದು ಎಂದರೆ 50. ಪರದೆಯ ಮೇಲಿನ ಶೇಕಡಾ ಅಂಕಿ ಇಷ್ಟು ಒರಟಾಗಿರುವುದರಿಂದ ಒಂದು ಗಂಟೆ ನೋಡಿ, ಒಂದು ಶೇಕಡಾ ಹೆಚ್ಚು ಇಳಿಯಿತೆಂದು ಹೇಳುವುದರಲ್ಲಿ ಅರ್ಥವಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಅಂಕಿಯನ್ನು ಈ ಆದೇಶ ತೋರಿಸುತ್ತದೆ:

```
adb shell dumpsys battery
```

ಉತ್ತರದಲ್ಲಿ `Charge counter` ಎಂಬ ಸಾಲಿನಲ್ಲಿರುವುದು ಬ್ಯಾಟರಿಯಲ್ಲಿ ಉಳಿದಿರುವ ಅಂಶ. ಅದನ್ನು ಸಾವಿರದಿಂದ ಭಾಗಿಸಿದರೆ ಮಿಲಿಆಂಪಿಯರ್-ಗಂಟೆ ಸಿಗುತ್ತದೆ. ಎಲ್ಲ ಫೋನುಗಳ ಈ ಸಾಲನ್ನೂ ಕಣ್ಣುಮುಚ್ಚಿ ನಂಬಬಾರದು. ಫೋನನ್ನು ಬಳಸುತ್ತ ಕೆಲವು ನಿಮಿಷಗಳಿಗೊಮ್ಮೆ ಓದಿದಾಗ ಅಂಕಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಳಿದರೆ ಅದು ನಿಜವಾದ ಎಣಿಕೆ. ಬಹಳ ಹೊತ್ತು ನಿಂತಲ್ಲೇ ನಿಂತು ಒಮ್ಮೆಲೇ 50,000ದಷ್ಟು ಕುಸಿದರೆ, ಶೇಕಡಾ ಅಂಕಿಯನ್ನೇ ಗುಣಿಸಿ ತೋರಿಸುತ್ತಿದೆ ಎಂದು ತಿಳಿದು, ಪರೀಕ್ಷೆಯ ಅವಧಿಯನ್ನು ಹೆಚ್ಚಿಸಬೇಕು.

ಕೇಬಲ್ ಸಿಕ್ಕಿಸಿದೊಡನೆ ಫೋನು ಚಾರ್ಜ್ ಆಗತೊಡಗುವುದರಿಂದ ಮೊದಲಿಗೊಮ್ಮೆ ಕೊನೆಗೊಮ್ಮೆ ಮಾತ್ರ, ಕೆಲವು ಸೆಕೆಂಡುಗಳ ಮಟ್ಟಿಗೆ ಕೇಬಲ್ ಹಾಕಬೇಕು. `dumpsys battery unplug` ಎಂಬ ಆದೇಶವನ್ನು ಕೊಟ್ಟು ಕೇಬಲ್ ಹಾಗೇ ಬಿಡುವವರಿದ್ದಾರೆ. ಅದು ಚಾರ್ಜರ್ ಇಲ್ಲವೆಂದು ತಂತ್ರಾಂಶವನ್ನು ನಂಬಿಸುತ್ತದೆಯೇ ಹೊರತು ವಿದ್ಯುತ್ ಹರಿವನ್ನು ನಿಲ್ಲಿಸುವುದಿಲ್ಲ.

69 ಸಾವಿರ ಬೈಟು ಮಾಡುವ ಕೆಲಸ

ರಾತ್ರಿ ಯಾರೂ ಮುಟ್ಟದೆ ಇಟ್ಟ ಫೋನಿನಲ್ಲಿ ವಿಪಿಎನ್ ಬ್ಯಾಟರಿಯನ್ನು ಇಳಿಸುವುದು ಹೇಗೆಂಬುದೇ ಈ ಅಧ್ಯಾಯದ ಮುಖ್ಯ ಪ್ರಶ್ನೆ. ಗೂಢಲಿಪಿಗೆ ಬದಲಾಯಿಸುವ ಕೆಲಸವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆಯಾದರೂ, ಡೇಟಾ ಹೋಗಿಬರದ ಹೊತ್ತಿನಲ್ಲಿ ಬದಲಾಯಿಸುವುದಕ್ಕೆ ಏನೂ ಇರುವುದಿಲ್ಲ.

ಮೊಬೈಲ್ ಕಂಪನಿಗಳಲ್ಲಿ ಅನೇಕ ಗ್ರಾಹಕರು ಒಂದೇ ಹೊರ ವಿಳಾಸವನ್ನು ಹಂಚಿಕೊಂಡಿರುವುದು ಸಾಮಾನ್ಯ. ಯಾವ ಸಂಚಾರ ಯಾರದೆಂಬ ನೆನಪನ್ನು ಕಂಪನಿಯ ಯಂತ್ರವೊಂದು ಇಟ್ಟುಕೊಂಡಿದ್ದು, ಸ್ವಲ್ಪ ಹೊತ್ತು ಏನೂ ಹೋಗಿಬರದಿದ್ದರೆ ಆ ನೆನಪನ್ನು ಅಳಿಸಿಹಾಕುತ್ತದೆ. ಅಳಿಸಿದ ಮೇಲೆ ಹೊರಗಿನಿಂದ ಬರುವ ಸಂದೇಶಕ್ಕೆ ಫೋನಿನ ದಾರಿ ಸಿಗುವುದಿಲ್ಲ. ಇದನ್ನು ತಪ್ಪಿಸಲು ವಿಪಿಎನ್ ಆ್ಯಪ್‌ಗಳು ಆಗಾಗ್ಗೆ ಏನೂ ಹೂರಣವಿಲ್ಲದ ಒಂದು ಪ್ಯಾಕೆಟನ್ನು ಕಳಿಸಿ ತಾವಿನ್ನೂ ಇದ್ದೇವೆಂದು ಹಾಜರಿ ಹಾಕುತ್ತವೆ. ವೈರ್‌ಗಾರ್ಡಿನಲ್ಲಿ `PersistentKeepalive` ಎಂಬ ಹೆಸರಿನಲ್ಲಿರುವ ಈ ಹಾಜರಿ ಪ್ಯಾಕೆಟ್ ತಾನಾಗಿ ಚಾಲೂ ಇರುವುದಿಲ್ಲ. ಚಾಲೂ ಮಾಡುವವರಿಗೆ ಅದರ ಕೈಪಿಡಿ ಸೂಚಿಸುವ ಅಂತರ 25 ಸೆಕೆಂಡು. ಪ್ಯಾಕೆಟಿನ ಗಾತ್ರ ಹೊದಿಕೆಯಷ್ಟೇ, ಅಂದರೆ 60 ಬೈಟು. ಎಂಟು ಗಂಟೆಯ ರಾತ್ರಿಯಲ್ಲಿ 1,152 ಹಾಜರಿಗಳು ಹೋದರೂ ಒಟ್ಟು 69,120 ಬೈಟು ಆಗುತ್ತದೆ. ಒಂದು ಸಾಧಾರಣ ಫೋಟೊಗಿಂತ ಕಡಿಮೆ.

ಆದರೆ ಮೊಬೈಲ್ ರೇಡಿಯೊ ಬೈಟುಗಳ ಲೆಕ್ಕದಲ್ಲಿ ವಿದ್ಯುತ್ ತೆಗೆದುಕೊಳ್ಳುವುದಿಲ್ಲ. ಒಂದು ಚಿಕ್ಕ ಪ್ಯಾಕೆಟ್ ಕಳಿಸುವುದಕ್ಕೂ ಅದು ನಿದ್ದೆಯಿಂದ ಎದ್ದು ಗೋಪುರದೊಂದಿಗೆ ಪೂರ್ಣ ಸಂಪರ್ಕದ ಸ್ಥಿತಿಗೆ ಬರಬೇಕು. ಕಳಿಸಿ ಮುಗಿದೊಡನೆ ಮತ್ತೆ ಮಲಗುವುದೂ ಇಲ್ಲ. ಇನ್ನೇನಾದರೂ ಬರಬಹುದೆಂದು ಕೆಲವು ಸೆಕೆಂಡು ಎಚ್ಚರವಾಗಿಯೇ ಇರುತ್ತದೆ. ಪ್ರಯಾಣಿಕರು ಇಳಿದ ಮೇಲೂ ಇನ್ನೊಬ್ಬರು ಸಿಕ್ಕಾರೆಂದು ಎಂಜಿನ್ ಆರಿಸದೆ ನಿಂತ ಆಟೋದಂತೆ, ಅದು ಕೆಲಸ ಮಾಡಿದ ಹೊತ್ತಿಗಿಂತ ಕಾಯುವ ಹೊತ್ತಿಗೇ ಹೆಚ್ಚು ಸುಡುತ್ತದೆ. ಈ ಹೆಚ್ಚುವರಿ ಎಚ್ಚರದ ಅವಧಿಯನ್ನು ಎಚ್ಚರದ ಬಾಲ ಎನ್ನಬಹುದು. ಬಾಲದ ಉದ್ದವನ್ನು ನಿರ್ಧರಿಸುವುದು ಫೋನಲ್ಲ, ಮೊಬೈಲ್ ಜಾಲ. 4ಜಿ ಜಾಲಗಳಲ್ಲಿ ಅದು ಸುಮಾರು 10 ಸೆಕೆಂಡು ಇರುವುದುಂಟು.

25 ಸೆಕೆಂಡಿಗೊಮ್ಮೆ ಹಾಜರಿ, ಪ್ರತಿ ಹಾಜರಿಗೂ 10 ಸೆಕೆಂಡಿನ ಬಾಲ ಎಂದರೆ ರಾತ್ರಿಯ ಹೊತ್ತಿನ ನೂರಕ್ಕೆ 40 ಪಾಲು ರೇಡಿಯೊ ಎದ್ದಿರುತ್ತದೆ. ಎದ್ದಿರುವಾಗ ಅದು ಮಲಗಿದ್ದಾಗಿನದಕ್ಕಿಂತ 50 ಮಿಲಿಆಂಪಿಯರ್ ಹೆಚ್ಚು ಎಳೆಯುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಸರಾಸರಿ ಹೆಚ್ಚಳ 20. ಎಂಟು ಗಂಟೆಗೆ 160 ಮಿಲಿಆಂಪಿಯರ್-ಗಂಟೆ, 5000ದ ಬ್ಯಾಟರಿಯಲ್ಲಿ ನೂರಕ್ಕೆ 3.2. ಇದೇ ಅಂತರವನ್ನು 120 ಸೆಕೆಂಡಿಗೆ ಏರಿಸಿದರೆ ಖರ್ಚು 33ಕ್ಕೆ ಇಳಿದು, ಶೇಕಡಾ ಅಂಕಿಯಲ್ಲಿ ಕಾಣಿಸದಷ್ಟಾಗುತ್ತದೆ. ಕಳಿಸಿದ ಬೈಟುಗಳು ಎರಡೂ ಸಂದರ್ಭದಲ್ಲಿ ನಗಣ್ಯ. ವೈಫೈ ರೇಡಿಯೊದ ಬಾಲವು ಇದಕ್ಕಿಂತ ಬಹಳ ಚಿಕ್ಕದು. ಅದೇ ಆ್ಯಪ್, ಅದೇ ಹಾಜರಿ ಇದ್ದರೂ ಮನೆಯ ವೈಫೈಯಲ್ಲಿ ಇಳಿತ ಕಾಣದೆ ಮೊಬೈಲ್ ಡೇಟಾದಲ್ಲಿ ಮಾತ್ರ ಕಾಣುವುದು ಇದರಿಂದಲೇ.

ರಾತ್ರಿಯ ಪರೀಕ್ಷೆ

ಈ ಕಾರಣವು ನಿರ್ದಿಷ್ಟ ಫೋನೊಂದಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನು ಅದೇ ಎರಡು ಆದೇಶಗಳಿಂದ ತಿಳಿಯಬಹುದು. ಮೊದಲ ರಾತ್ರಿ ವಿಪಿಎನ್ ಇಲ್ಲದೆ, ಎರಡನೆಯ ರಾತ್ರಿ ವಿಪಿಎನ್‌ನೊಂದಿಗೆ, ಮೂರನೆಯ ರಾತ್ರಿ ಮತ್ತೆ ಇಲ್ಲದೆ, ಫೋನನ್ನು ಅದೇ ಜಾಗದಲ್ಲಿ, ವೈಫೈ ಆರಿಸಿ, ಮೊಬೈಲ್ ಡೇಟಾ ಮಾತ್ರ ಚಾಲೂ ಇಟ್ಟು ಬಿಡಬೇಕು. ಮೊದಲ ಮತ್ತು ಮೂರನೆಯ ರಾತ್ರಿಗಳು ತಮ್ಮೊಳಗೇ ಹೊಂದದಿದ್ದರೆ ನಡುವಿನ ರಾತ್ರಿಯ ಬಗ್ಗೆ ಏನನ್ನೂ ಹೇಳಲಾಗದು. ಜಾಗ ಬದಲಾಗಬಾರದು, ಏಕೆಂದರೆ ಸಿಗ್ನಲ್ ದುರ್ಬಲವಾದ ಕಡೆ ಫೋನು ಗೋಪುರವನ್ನು ತಲುಪಲು ಹೆಚ್ಚು ಬಲವಾಗಿ ಪ್ರಸಾರ ಮಾಡಬೇಕಾಗಿ ಬಂದು, ವಿಪಿಎನ್‌ನ ಪರಿಣಾಮವನ್ನೂ ಮುಚ್ಚಿಹಾಕುವಷ್ಟು ವಿದ್ಯುತ್ ಕೇವಲ ಅದಕ್ಕೇ ಹೋಗಬಹುದು. ಪೂರ್ತಿ ತುಂಬಿದ ಬ್ಯಾಟರಿಯಿಂದ ಶುರುಮಾಡುವುದೂ ತರವಲ್ಲ. ಅನೇಕ ಫೋನುಗಳು ನೂರನ್ನೇ ತುಸು ಹೊತ್ತು ತೋರಿಸುತ್ತಿರುವುದರಿಂದ ಮೊದಲ ಇಳಿತ ಲೆಕ್ಕಕ್ಕೆ ಸಿಗುವುದಿಲ್ಲ. ಮೂರೂ ರಾತ್ರಿ ಎಂಬತ್ತರ ಆಸುಪಾಸಿನಿಂದ ಆರಂಭಿಸಿದರೆ ಸಾಕು.

ವಿಪಿಎನ್ ಇರುವ ರಾತ್ರಿಯ ಮೊದಲು ಮತ್ತು ಕೊನೆಗೆ ಪ್ಯಾಕೆಟ್‌ಗಳ ಎಣಿಕೆಯನ್ನೂ ಓದಬೇಕು. ಸಂದೇಶ, ಮೇಲ್ ಮುಂತಾದ ಆ್ಯಪ್‌ಗಳ ಸಂಚಾರ ಎರಡೂ ದ್ವಾರಗಳಲ್ಲಿ ಎಣಿಕೆಯಾಗಿರುತ್ತದೆ. ಹಾಜರಿ ಪ್ಯಾಕೆಟ್ ವಿಪಿಎನ್ ಆ್ಯಪಿನದೇ ಆದ್ದರಿಂದ ಮೊಬೈಲ್ ದ್ವಾರದಲ್ಲಿ ಮಾತ್ರ ಇರುತ್ತದೆ. ಹೋದ ಪ್ಯಾಕೆಟ್‌ಗಳಲ್ಲಿ ಮೊಬೈಲ್ ದ್ವಾರದ ಏರಿಕೆಯಿಂದ `tun0` ಏರಿಕೆಯನ್ನು ಕಳೆದು, ಉಳಿದದ್ದರಿಂದ ರಾತ್ರಿಯ 28,800 ಸೆಕೆಂಡುಗಳನ್ನು ಭಾಗಿಸಿದರೆ ಆ್ಯಪ್ ಎಷ್ಟು ಸೆಕೆಂಡಿಗೊಮ್ಮೆ ಹಾಜರಿ ಹಾಕಿತೆಂಬುದು ಸುಮಾರಾಗಿ ಸಿಗುತ್ತದೆ. ತನ್ನ ಹಾಜರಿಯ ಅಂತರವನ್ನು ಎಲ್ಲಿಯೂ ಹೇಳಿಕೊಳ್ಳದ ಆ್ಯಪ್‌ನ ಗುಟ್ಟನ್ನೂ ಈ ಭಾಗಾಕಾರ ಬಯಲುಮಾಡುತ್ತದೆ. ಉತ್ತರವು 25ರ ಹತ್ತಿರ ಬಂದು ಬ್ಯಾಟರಿಯ ಇಳಿತವೂ ಹೆಚ್ಚಿದ್ದರೆ ಕಾರಣ ಸಿಕ್ಕಿತು. ಉತ್ತರ ನೂರಾರು ಸೆಕೆಂಡು ಬಂದರೆ, ಆಂಡ್ರಾಯ್ಡ್ 6.0ರಿಂದ ಇರುವ ಡೋಜ್ ಎಂಬ ನಿದ್ರಾವ್ಯವಸ್ಥೆಯು ಆ್ಯಪನ್ನೂ ಮಲಗಿಸಿದೆ ಎಂದು ಊಹಿಸಬಹುದು. ಆಗ ಇಳಿತವೂ ಕಡಿಮೆ ಇರಬೇಕು. ಬ್ಯಾಟರಿ ನಿರ್ಬಂಧ ಬೇಡವೆಂದು ವಿಪಿಎನ್ ಆ್ಯಪ್‌ಗಳು ಮೊದಲ ದಿನವೇ ಕೇಳುವ ಅನುಮತಿಯು ಈ ನಿದ್ದೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಇರುವುದು.

ಕೆಲಸದ ಹೊತ್ತಿನ ಖರ್ಚು

ಹಗಲಿನ ಬಳಕೆಯಲ್ಲಿ ಗೂಢಲಿಪಿಯ ಕೆಲಸಕ್ಕೂ ಪಾಲುಂಟು. ರೂಟ್ ಮಾಡದ ಫೋನಿನಲ್ಲಿ ಪ್ರತಿ ಪ್ಯಾಕೆಟ್ ಕರ್ನೆಲ್‌ನಿಂದ ಆ್ಯಪಿಗೆ ಏರಿ, ಬದಲಾಗಿ, ಮತ್ತೆ ಕರ್ನೆಲ್‌ಗೆ ಇಳಿಯಬೇಕಾಗಿರುವುದು ಅಗ್ಗದ ಪ್ರೊಸೆಸರಿಗೆ ಹೊರೆಯೇ. ಇದನ್ನು ಅಳೆಯುವಾಗ ಒಂದು ಕ್ಷಣದಲ್ಲಿ ಎಷ್ಟು ವಿದ್ಯುತ್ ಹರಿಯಿತೆಂಬುದನ್ನು ನೋಡದೆ, ಅದೇ ಫೈಲು ಇಳಿದು ಮುಗಿಯುವಷ್ಟರಲ್ಲಿ ಒಟ್ಟು ಎಷ್ಟು ಹೋಯಿತೆಂದು ನೋಡಬೇಕು. ವಿಪಿಎನ್ ಇಲ್ಲದೆ 300 ಮಿಲಿಆಂಪಿಯರ್‌ನಂತೆ 4 ನಿಮಿಷ ಹಿಡಿದರೆ 20 ಮಿಲಿಆಂಪಿಯರ್-ಗಂಟೆ. ವಿಪಿಎನ್‌ನೊಂದಿಗೆ 330ರಂತೆ 6 ನಿಮಿಷ ಹಿಡಿದರೆ 33. ಹರಿವು ನೂರಕ್ಕೆ 10ರಷ್ಟೇ ಏರಿದ್ದರೂ ವೇಗ ತಗ್ಗಿ ಪರದೆಯೂ ರೇಡಿಯೊವೂ ಹೆಚ್ಚು ಹೊತ್ತು ಎಚ್ಚರವಿದ್ದುದರಿಂದ ಖರ್ಚು ನೂರಕ್ಕೆ 65ರಷ್ಟು ಏರಿತು. ಹತ್ತಿರದ ಸರ್ವರನ್ನು ಆರಿಸಿಕೊಂಡು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದಾಗ ಸಮಯ ಇಳಿದರೆ ತಪ್ಪು ದೂರದ್ದು. ಇಳಿಯದೆ ಹೋದರೆ ಪ್ರೊಸೆಸರಿನದ್ದಿರಬಹುದು.

ರಾತ್ರಿಯ ಇಳಿತಕ್ಕೆ ಹಾಜರಿಯೇ ಕಾರಣವೆಂದು ತಿಳಿದ ಮೇಲೆ, ಅಂತರವನ್ನು ಬದಲಾಯಿಸಲು ಬಿಡುವ ಆ್ಯಪ್ ಆದರೆ ಅದನ್ನು ಹಂತಹಂತವಾಗಿ ಏರಿಸಿ ನೋಡಬಹುದು. ಹಾಜರಿಯನ್ನು ಪೂರ್ತಿ ನಿಲ್ಲಿಸಿದರೂ ಫೋನಿನಿಂದ ಹೊರಡುವ ಸಂದೇಶಕ್ಕೆ ತೊಂದರೆಯಿಲ್ಲ, ಏಕೆಂದರೆ ಅದು ಹೊರಟೊಡನೆ ಜಾಲದ ನೆನಪು ಹೊಸದಾಗಿ ಬರೆಯಲ್ಪಡುತ್ತದೆ; ತಡವಾಗುವುದು ಹೊರಗಿನಿಂದ ಬರುವ ಸೂಚನೆಗಳು ಮಾತ್ರ. 25ರಿಂದ 60ಕ್ಕೆ, ಅಲ್ಲಿಂದ 110ಕ್ಕೆ ಏರಿಸುತ್ತ, ಪ್ರತಿ ಹಂತದಲ್ಲೂ ಫೋನನ್ನು ಕಾಲು ಗಂಟೆ ಮುಟ್ಟದೆ ಇಟ್ಟು, ಇನ್ನೊಂದು ಫೋನಿನಿಂದ ಸಂದೇಶ ಕಳಿಸಿದಾಗ ಅದು ತಕ್ಷಣ ಬರುವುದು ನಿಂತ ಹಂತಕ್ಕಿಂತ ಒಂದು ಹಂತ ಕೆಳಗಿನ ಅಂಕಿಯನ್ನು ಉಳಿಸಿಕೊಳ್ಳಬಹುದು. ಸಿಮ್ ಬದಲಾದರೆ ಜಾಲದ ನೆನಪಿನ ಅವಧಿಯೂ ಎಚ್ಚರದ ಬಾಲದ ಉದ್ದವೂ ಬದಲಾಗುವುದರಿಂದ, ಎರಡು ಸಿಮ್ ಇರುವ ಫೋನಿನಲ್ಲಿ ಈ ಅಂಕಿಯನ್ನು ಒಂದೊಂದಕ್ಕೂ ಬೇರೆಯಾಗಿಯೇ ಕಂಡುಕೊಳ್ಳಬೇಕಾಗುತ್ತದೆ.